Cp ಏಕೆ Cv ಗಿಂತ ದೊಡ್ಡದು? ΔH ಮತ್ತು ΔU ಲೆಕ್ಕಗಳನ್ನು ಎಡವದೆ ಮಾಡುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್ ಸೇರಿದ ಮಕ್ಕಳಿಗೆ ಕುಂಬಳೆಯಲ್ಲಿ ಸಂಜೆ ಹೊತ್ತು ಭೌತ ಮತ್ತು ರಸಾಯನ ವಿಜ್ಞಾನ ಹೇಳಿಕೊಡುತ್ತೇನೆ. ಉಷ್ಣ ಧಾರಣ ಸಾಮರ್ಥ್ಯದ ಪಾಠ ಎರಡೂ ವಿಷಯಗಳಲ್ಲಿ ಬರುತ್ತದೆ, ಎರಡರಲ್ಲೂ ಒಂದೇ ಕಡೆ ಮಕ್ಕಳ ಕಾಲು ಜಾರುತ್ತದೆ. ಗಾತ್ರ ಸ್ಥಿರವಿಟ್ಟು ಬಿಸಿ ಮಾಡುವಾಗಿನ ಉಷ್ಣ ಧಾರಣ ಸಾಮರ್ಥ್ಯ Cv, ಒತ್ತಡ ಸ್ಥಿರವಿಟ್ಟು ಬಿಸಿ ಮಾಡುವಾಗಿನದು Cp, R ಅನಿಲ ಸ್ಥಿರಾಂಕ. Cp − Cv = R ಎಂಬ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಮುಚ್ಚಿದ ಪಾತ್ರೆಯೊಳಗೆ ಬಿಸಿಯಾದ ಅನಿಲದ ΔH ಎಷ್ಟು ಎಂದು ಕೇಳಿದರೆ ತರಗತಿಯ ಅರ್ಧದಷ್ಟು ಮಂದಿ ಸುಮ್ಮನಾಗುತ್ತಾರೆ, ಉಳಿದ ಅರ್ಧ ತಪ್ಪು ಹೇಳುತ್ತಾರೆ. ಆ ಜಾರುವ ಜಾಗವನ್ನೇ ಗುರಿಯಾಗಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಹೆಜ್ಜೆ 1: ಒಂದೇ ಅನಿಲವನ್ನು ಎರಡು ರೀತಿಯಲ್ಲಿ ಬಿಸಿ ಮಾಡಿ

ಒಂದು ಮೋಲ್ ನೈಟ್ರೋಜನ್ ತೆಗೆದುಕೊಳ್ಳೋಣ, ಅಂದರೆ 28 ಗ್ರಾಂ. ತಾಪ 300 ಕೆಲ್ವಿನ್, ನಮ್ಮ ಕರಾವಳಿಯ ಸಾಮಾನ್ಯ ಹಗಲಿನ ಹಾಗೆ. ಒತ್ತಡ 1 ಅಟ್ಮಾಸ್ಫಿಯರ್. ಸಮುದ್ರಮಟ್ಟದಲ್ಲೇ ಕುಳಿತಿರುವ ನಮಗೆ ಈ ಸಂಖ್ಯೆಯನ್ನು ತಿದ್ದುವ ಅಗತ್ಯವಿಲ್ಲ. PV = nRT ಹಾಕಿದರೆ ಗಾತ್ರ 24.62 ಲೀಟರ್ ಬರುತ್ತದೆ. ಈ ಅನಿಲವನ್ನು 310 ಕೆಲ್ವಿನ್‌ಗೆ ಏರಿಸಬೇಕು.

ಮೊದಲ ಸಲ ಪಾತ್ರೆಯ ಮುಚ್ಚಳವನ್ನು ಬಿಗಿಯಾಗಿ ಕೂರಿಸಿ. ಗಾತ್ರ ಬದಲಾಗುವಂತಿಲ್ಲ. ನೈಟ್ರೋಜನ್‌ನ Cv ಮೋಲ್‌ಗೆ, ಕೆಲ್ವಿನ್‌ಗೆ ಸುಮಾರು 20.8 ಜೂಲ್. ಹತ್ತು ಕೆಲ್ವಿನ್ ಏರಿಸಲು 208 ಜೂಲ್ ಉಷ್ಣ ಬೇಕು. ಅದಷ್ಟೂ ಅಣುಗಳ ಓಟಕ್ಕೆ ಮತ್ತು ತಿರುಗುವಿಕೆಗೆ ಸೇರುತ್ತದೆ, ಹೊರಗೆ ಒಂದಿಷ್ಟೂ ಹೋಗುವುದಿಲ್ಲ.

ಎರಡನೆಯ ಸಲ ಮುಚ್ಚಳದ ಬದಲು ಸಲೀಸಾಗಿ ಜಾರುವ, ತೂಕವೇ ಇಲ್ಲದ ಪಿಸ್ಟನ್ ಇಡಿ. ಪಾತ್ರೆಯನ್ನು ಹತ್ತು ಸೆಂಟಿಮೀಟರ್ ಚೌಕದ ಕೊಳವೆ ಎಂದು ಕಲ್ಪಿಸಿಕೊಳ್ಳಿ. ಆಗ ಅನಿಲದ ಕಂಬ 2.46 ಮೀಟರ್ ಎತ್ತರ ನಿಲ್ಲುತ್ತದೆ, ಮನೆಯ ಬಾಗಿಲಿಗಿಂತಲೂ ಎತ್ತರ. ಪಿಸ್ಟನ್ ಮೇಲೆ ವಾತಾವರಣ ಒತ್ತುತ್ತಿರುವ ಬಲ 1013 ನ್ಯೂಟನ್, ಅಂದರೆ ನೂರು ಕಿಲೋಗಿಂತ ತುಸು ಹೆಚ್ಚು ಭಾರ ಹೇರಿದಂತೆ. ಅನಿಲವನ್ನು 310 ಕೆಲ್ವಿನ್‌ಗೆ ಏರಿಸಿದಾಗ ಗಾತ್ರ 25.44 ಲೀಟರ್ ಆಗುತ್ತದೆ, ಪಿಸ್ಟನ್ 8.2 ಸೆಂಟಿಮೀಟರ್ ಮೇಲೇರುತ್ತದೆ. ಬಲವನ್ನು ದೂರದಿಂದ ಗುಣಿಸಿ: 1013 × 0.082 = 83 ಜೂಲ್.

ಈ 83 ಜೂಲ್ ಕೆಲಸವನ್ನು ಮಾಡಿದವರು ಯಾರು? ಪಿಸ್ಟನ್‌ಗೆ ಬಡಿಯುವ ಅಣುಗಳು. ಹಿಂದಕ್ಕೆ ಸರಿಯುತ್ತಿರುವ ಗೋಡೆಗೆ ಬಡಿದ ಅಣು ಬಂದ ವೇಗದಲ್ಲೇ ಮರಳುವುದಿಲ್ಲ, ಕೊಂಚ ನಿಧಾನವಾಗಿ ಮರಳುತ್ತದೆ. ಹೀಗೆ ಪ್ರತಿ ಬಡಿತದಲ್ಲೂ ಅನಿಲ ತನ್ನ ಶಕ್ತಿಯನ್ನು ಚೂರುಚೂರಾಗಿ ಬಿಟ್ಟುಕೊಡುತ್ತದೆ. ಆ ಸೋರಿಕೆಯನ್ನು ತುಂಬಿಕೊಟ್ಟು ತಾಪವನ್ನೂ ಹತ್ತು ಕೆಲ್ವಿನ್ ಏರಿಸಬೇಕಾದರೆ ಒಲೆ 208 + 83 = 291 ಜೂಲ್ ಒದಗಿಸಬೇಕು. ಹತ್ತರಿಂದ ಭಾಗಿಸಿದರೆ Cp = 29.1. ವ್ಯತ್ಯಾಸ 8.3, ಅದೇ R.

ವ್ಯತ್ಯಾಸ R ಆಗಿದ್ದು ಆಕಸ್ಮಿಕವಲ್ಲ. ಒಂದು ಮೋಲ್ ಆದರ್ಶ ಅನಿಲಕ್ಕೆ PV = RT. ಒತ್ತಡ ಸ್ಥಿರವಾಗಿದ್ದರೆ ಒಂದು ಕೆಲ್ವಿನ್ ಏರಿಕೆಗೆ PΔV ಯಾವಾಗಲೂ R ಅಷ್ಟೇ. ಅನಿಲ ಆರ್ಗಾನ್ ಆಗಿರಲಿ, ನೈಟ್ರೋಜನ್ ಆಗಿರಲಿ, ಒತ್ತಡ ಒಂದಾಗಿರಲಿ ಎರಡಾಗಿರಲಿ, ಈ ಕೆಲಸದ ಪಾಲು ಬದಲಾಗುವುದಿಲ್ಲ. ಬದಲಾಗುವುದು Cv ಮಾತ್ರ. ಆರ್ಗಾನ್ ಒಂಟಿ ಪರಮಾಣು, ತಿರುಗಲು ಬೇರೆ ದಾರಿಯಿಲ್ಲ, ಆದ್ದರಿಂದ ಅದರ Cv 12.5 ಅಷ್ಟೇ.

ಜರ್ಮನಿಯ ವೈದ್ಯ ರಾಬರ್ಟ್ ಮೇಯರ್ 1842ರಲ್ಲಿ ಇದೇ ವ್ಯತ್ಯಾಸವನ್ನು ಹಿಡಿದುಕೊಂಡು, ಒಂದಿಷ್ಟು ಉಷ್ಣ ಎಷ್ಟು ಕೆಲಸಕ್ಕೆ ಸಮ ಎಂದು ಲೆಕ್ಕ ಹಾಕಿದ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಉಷ್ಣವು ಅಷ್ಟೇ ತೂಕವನ್ನು 365 ಮೀಟರ್ ಎತ್ತಬಲ್ಲದು ಎಂದು ಅವನಿಗೆ ಬಂತು. ಇಂದಿನ ಬೆಲೆ ಸುಮಾರು 427 ಮೀಟರ್. ಅವನ ತರ್ಕದಲ್ಲಿ ಹುಳುಕಿರಲಿಲ್ಲ, ಆ ಕಾಲದಲ್ಲಿ ಗಾಳಿಯ Cp ಗೆ ಸಿಕ್ಕಿದ್ದ ಅಳತೆಯೇ ಹೆಚ್ಚಾಗಿತ್ತು. ಹೊಸ ಉಪಕರಣವೊಂದನ್ನೂ ಕಟ್ಟದೆ, ಬೇರೆಯವರ ಎರಡು ಸಂಖ್ಯೆಗಳನ್ನು ಕಳೆದು ಶಕ್ತಿ ಸಂರಕ್ಷಣೆಯತ್ತ ಹೋದ ಈ ಮನುಷ್ಯ ನನಗೆ ಇಷ್ಟ.

ಹೆಜ್ಜೆ 2: H ಎಂಬ ಖಾತೆಯನ್ನು ತೆರೆಯಿರಿ

ನಮ್ಮ ಕೆಲಸಗಳು ಹೆಚ್ಚಾಗಿ ತೆರೆದ ಪಾತ್ರೆಯಲ್ಲಿ, ವಾತಾವರಣದ ಒತ್ತಡದಲ್ಲಿ ನಡೆಯುತ್ತವೆ. ಪ್ರತಿ ಸಲವೂ ಗಾತ್ರ ಎಷ್ಟು ಹಿಗ್ಗಿತು, ವಾತಾವರಣವನ್ನು ತಳ್ಳಲು ಎಷ್ಟು ಖರ್ಚಾಯಿತು ಎಂದು ಬೇರೆಯಾಗಿ ಕೂಡುತ್ತಾ ಕೂರುವುದು ರೇಜಿಗೆ. ಅದಕ್ಕಾಗಿ ಆ ಖರ್ಚನ್ನು ಮೊದಲೇ ಒಳಗೆ ಸೇರಿಸಿದ ಒಂದು ರಾಶಿಯನ್ನು ಇಟ್ಟುಕೊಂಡಿದ್ದಾರೆ:

```
H = U + PV
```

ಇದು ಎಂಥಾಲ್ಪಿ. U ಎಂದರೆ ಆಂತರಿಕ ಶಕ್ತಿ. ಒತ್ತಡ ಸ್ಥಿರವಾಗಿದ್ದಾಗ ΔH = ΔU + PΔV, ಅಂದರೆ ಒಲೆ ಕೊಟ್ಟ ಉಷ್ಣವೇ. ನಮ್ಮ ನೈಟ್ರೋಜನ್‌ಗೆ ΔU = 208, PΔV = 83, ΔH = 291. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ.

ಹೆಜ್ಜೆ 3: ಜಾರುವ ಜಾಗ

ಈಗ ಬಿಗಿಯಾಗಿ ಮುಚ್ಚಿದ ಪಾತ್ರೆಗೆ ಹಿಂತಿರುಗಿ. ಕೊಟ್ಟ ಉಷ್ಣ 208 ಜೂಲ್. ಕೆಲಸ ಸೊನ್ನೆ. ΔU = 208. ಹಾಗಾದರೆ ΔH ಎಷ್ಟು?

"ಕೆಲಸವೇ ಇಲ್ಲವಲ್ಲ ಸರ್, ΔH ಕೂಡ 208" ಎಂಬ ಉತ್ತರ ಪ್ರತಿ ವರ್ಷ ಬರುತ್ತದೆ. ಅದು ತಪ್ಪು. H ನ ಸೂತ್ರದಲ್ಲಿರುವುದು PV, ಕೆಲಸವಲ್ಲ. ಗಾತ್ರ ನಿಂತಲ್ಲೇ ನಿಂತರೂ ಒತ್ತಡ ಏರಿದೆ. ಎಷ್ಟು ಏರಿದೆ? 101325 ಪಾಸ್ಕಲ್‌ನ ಮೂವತ್ತನೆಯ ಒಂದು ಭಾಗ, 3378 ಪಾಸ್ಕಲ್. ಅದನ್ನು 0.02462 ಘನ ಮೀಟರ್‌ನಿಂದ ಗುಣಿಸಿದರೆ VΔP = 83 ಜೂಲ್. ಆದ್ದರಿಂದ ΔH = 208 + 83 = 291.

ಅದೇ 291! ಪಿಸ್ಟನ್ ಏರಿದಾಗಲೂ 291, ಮುಚ್ಚಳ ಬಿಗಿದಿದ್ದಾಗಲೂ 291. ΔU ಕೂಡ ಎರಡೂ ಕಡೆ 208. ಬೇರೆಯಾದದ್ದು ಕೊಟ್ಟ ಉಷ್ಣ ಮಾತ್ರ. ಆದರ್ಶ ಅನಿಲದ U ತಾಪವೊಂದನ್ನೇ ನೆಚ್ಚಿಕೊಂಡಿದೆ. PV ಎಂದರೆ nRT, ಅದೂ ತಾಪದ ಮಾತೇ. ಹಾಗಾಗಿ H ಕೂಡ ತಾಪವೊಂದನ್ನೇ ನೆಚ್ಚಿಕೊಂಡಿದೆ. 300 ರಿಂದ 310 ಕ್ಕೆ ಯಾವ ದಾರಿಯಲ್ಲಿ ಹೋದರೂ

```
ΔU = n Cv ΔT
ΔH = n Cp ΔT
```

ಇವೆರಡು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವಾಗ ಪಕ್ಕದಲ್ಲಿ "ಆದರ್ಶ ಅನಿಲ, ಯಾವ ದಾರಿಯಾದರೂ" ಎಂದೂ ಬರೆದುಕೊಳ್ಳಿ. ΔU ಲೆಕ್ಕದಲ್ಲಿ Cv ಕಾಣಿಸಿಕೊಂಡಿತೆಂದು ಗಾತ್ರ ಸ್ಥಿರವಾಗಿರಬೇಕೆಂದಿಲ್ಲ, ΔH ಲೆಕ್ಕದಲ್ಲಿ Cp ಬಂದಿತೆಂದು ಒತ್ತಡ ಸ್ಥಿರವಾಗಿರಬೇಕೆಂದಿಲ್ಲ. ದಾರಿ ಮುಖ್ಯವಾಗುವುದು ಉಷ್ಣ ಎಷ್ಟು ಎಂದು ಕೇಳಿದಾಗ. ಗಾತ್ರ ಸ್ಥಿರವಿದ್ದರೆ ಉಷ್ಣ ΔU ಗೆ ಸಮ, ಒತ್ತಡ ಸ್ಥಿರವಿದ್ದರೆ ΔH ಗೆ ಸಮ. ಮುಚ್ಚಿದ ಪಾತ್ರೆಯ 291 ಜೂಲ್ ಯಾರೂ ಒಳಗೆ ಹಾಕಿದ ಉಷ್ಣವಲ್ಲ, ಅದು ಆ ಸ್ಥಿತಿಯ H ಎಷ್ಟು ಬದಲಾಯಿತು ಎಂಬ ಲೆಕ್ಕ ಮಾತ್ರ.

ಉತ್ತರ ಸರಿಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ. ಮೋಲ್‌ಗಳು ಬದಲಾಗದ ಆದರ್ಶ ಅನಿಲದ ಲೆಕ್ಕದಲ್ಲಿ ΔH − ΔU ಯಾವಾಗಲೂ nRΔT ಗೆ ಸಮವಾಗಬೇಕು. ಆಗದಿದ್ದರೆ ಎಲ್ಲೋ ಉಷ್ಣವನ್ನು ΔH ಎಂದು ಬರೆದುಬಿಟ್ಟಿದ್ದೀರಿ.

ಹೆಜ್ಜೆ 4: ಅನಿಲ ಹುಟ್ಟುವ, ಅನಿಲ ಮಾಯವಾಗುವ ಲೆಕ್ಕಗಳು

ತಾಪ ಬದಲಾಗದೆ ಅನಿಲದ ಮೋಲ್‌ಗಳು ಬದಲಾದರೂ PV ಬದಲಾಗುತ್ತದೆ. ಘನ, ದ್ರವಗಳ ಗಾತ್ರ ಅನಿಲದ ಮುಂದೆ ಲೆಕ್ಕಕ್ಕಿಲ್ಲ. ಆದ್ದರಿಂದ

```
ΔH = ΔU + Δn(g) RT
```

100 ಡಿಗ್ರಿಯಲ್ಲಿ 18 ಗ್ರಾಂ ನೀರು ಆವಿಯಾಗಲು 40.7 ಕಿಲೋಜೂಲ್ ಬೇಕು. ತೆರೆದ ಪಾತ್ರೆ, ಹಾಗಾಗಿ ಇದು ΔH. ಹತ್ತೊಂಬತ್ತು ಮಿಲಿಲೀಟರ್ ನೀರು ಸುಮಾರು 30 ಲೀಟರ್ ಆವಿಯಾಗುತ್ತದೆ. ಅಷ್ಟು ಜಾಗ ಮಾಡಿಕೊಳ್ಳಲು ವಾತಾವರಣವನ್ನು ತಳ್ಳಿದ ಕೆಲಸ RT, ಅಂದರೆ 8.314 × 373 = 3101 ಜೂಲ್, 3.1 ಕಿಲೋಜೂಲ್. ಉಳಿದ 37.6 ಕಿಲೋಜೂಲ್ ನೀರಿನ ಅಣುಗಳನ್ನು ಒಂದರಿಂದ ಇನ್ನೊಂದನ್ನು ಬಿಡಿಸಲು ಹೋಯಿತು, ಅದೇ ΔU. ಅಡುಗೆಮನೆಯಲ್ಲಿ ನೀರು ಕುದಿಸುವಾಗ ಆವಿಗೆ ಖರ್ಚಾದ ಉಷ್ಣದಲ್ಲಿ ಹದಿಮೂರರಲ್ಲೊಂದು ಪಾಲು ಗಾಳಿಯನ್ನು ಪಕ್ಕಕ್ಕೆ ಸರಿಸುವುದಕ್ಕೇ ಹೋಗುತ್ತದೆ ಎಂದಾಯಿತು. ಇಲ್ಲಿ ಗಮನಿಸಿ, ತಾಪ ಬದಲಾಗಿಲ್ಲ. ΔT ಸೊನ್ನೆ ಎಂದು Cp ಸೂತ್ರ ಹಾಕಿ ΔH = 0 ಎಂದು ಬರೆಯುವವರಿದ್ದಾರೆ. ಆ ಸೂತ್ರ ಒಂದೇ ಸ್ಥಿತಿಯಲ್ಲಿ ಉಳಿದಿರುವ ವಸ್ತುವಿಗೆ ಮಾತ್ರ.

ಅದೇ ಒಲೆಯ ಕೆಳಭಾಗಕ್ಕೆ ಬನ್ನಿ. ಎಲ್‌ಪಿಜಿಯಲ್ಲಿರುವ ಬ್ಯುಟೇನ್‌ನ ದಹನವನ್ನು ಬಾಂಬ್ ಕ್ಯಾಲೊರಿಮೀಟರ್‌ನಲ್ಲಿ, ಅಂದರೆ ಗಾತ್ರ ಬದಲಾಗದ ದಪ್ಪ ಉಕ್ಕಿನ ಪಾತ್ರೆಯಲ್ಲಿ ಅಳೆದರೆ, 25 ಡಿಗ್ರಿಗೆ ಸಿಗುವುದು ಮೋಲ್‌ಗೆ ಸುಮಾರು −2869 ಕಿಲೋಜೂಲ್. ಗಾತ್ರ ಸ್ಥಿರ, ಆದ್ದರಿಂದ ಇದು ΔU. ನಮಗೆ ಬೇಕಾದದ್ದು ಒಲೆಯ ಮೇಲಿನ ಬೆಲೆ, ΔH.

```
C4H10(g) + 6.5 O2(g) → 4 CO2(g) + 5 H2O(l)
Δn(g) = 4 − 7.5 = −3.5
Δn(g) RT = −3.5 × 2.479 = −8.7 kJ
ΔH = −2869 − 8.7 ≈ −2878 kJ
```

ತೆರೆದ ಜಾಗದಲ್ಲಿ ಉರಿದರೆ 8.7 ಕಿಲೋಜೂಲ್ ಹೆಚ್ಚು ಉಷ್ಣ ಹೊರಬರುತ್ತದೆ. ಎಲ್ಲಿಂದ ಬಂತು? ಏಳೂವರೆ ಮೋಲ್ ಅನಿಲ ನಾಲ್ಕಕ್ಕೆ ಇಳಿದಾಗ ವಾತಾವರಣ ಒಳನುಗ್ಗಿ ಒತ್ತುತ್ತದೆ, ಆ ಕೆಲಸ ಉಷ್ಣವಾಗಿ ಸಿಗುತ್ತದೆ.

ಇಂಥ ಲೆಕ್ಕ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, RT ಯನ್ನು ಜೂಲ್‌ನಲ್ಲಿ ಹಾಕಿ ಕಿಲೋಜೂಲ್‌ಗೆ ಕೂಡುವುದು. ಆಗ −2869 ಕ್ಕೆ −8677 ಸೇರಿ ಹನ್ನೊಂದು ಸಾವಿರ ದಾಟಿದ ಉತ್ತರ ಬರುತ್ತದೆ. 25 ಡಿಗ್ರಿಯ ಸುಮಾರಿಗೆ ಪ್ರತಿ ಮೋಲ್ ಅನಿಲಕ್ಕೆ ತಿದ್ದುಪಡಿ ಎರಡೂವರೆ ಕಿಲೋಜೂಲ್ ಮಾತ್ರ ಎಂಬುದು ನೆನಪಿದ್ದರೆ ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ನೀರಿನ ಸ್ಥಿತಿ. ಸಮೀಕರಣದಲ್ಲಿ ನೀರು ದ್ರವವೋ ಆವಿಯೋ ಎಂದು ನೋಡದೆ ಮೋಲ್ ಎಣಿಸಬೇಡಿ. ಆವಿ ಎಂದಾದರೆ ಬಲಗಡೆ ಅನಿಲ ಒಂಬತ್ತು ಮೋಲ್, Δn(g) = +1.5, ಚಿಹ್ನೆಯೇ ತಿರುಗುತ್ತದೆ.

ಹೆಜ್ಜೆ 5: ಪಿಸ್ಟನ್ ವಿವರಣೆ ಎಲ್ಲಿಯವರೆಗೆ ಸರಿ?

ಬದಿಯಡ್ಕ ಕಡೆಯಿಂದ ಬರುವ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು: "ಸರ್, ನೀರು ಸೊನ್ನೆಯಿಂದ ನಾಲ್ಕು ಡಿಗ್ರಿವರೆಗೆ ಬಿಸಿಯಾದಾಗ ಕುಗ್ಗುತ್ತದಲ್ಲ? ಆಗ ವಾತಾವರಣವೇ ನೀರಿನ ಮೇಲೆ ಕೆಲಸ ಮಾಡಿದ ಹಾಗಾಯಿತು. ಹಾಗಾದರೆ ಅಲ್ಲಿ Cp ಕಡಿಮೆ, Cv ಹೆಚ್ಚು ಆಗಬೇಕಲ್ಲವೇ?"

ಪಿಸ್ಟನ್ ವಿವರಣೆಯನ್ನು ಪೂರ್ತಿಯಾಗಿ ನಂಬಿದವರು ಹೌದು ಎನ್ನಬೇಕಾಗುತ್ತದೆ. ಆದರೆ ಉತ್ತರ ಇಲ್ಲ. ಏಕೆಂದು ನೋಡಲು ಮೊದಲು 25 ಡಿಗ್ರಿಯ ನೀರಿನಿಂದ ಆರಂಭಿಸೋಣ. ಅಲ್ಲಿ ಒಂದು ಮೋಲ್ ನೀರಿನ Cp 75.3, Cv 74.5, ವ್ಯತ್ಯಾಸ ಸುಮಾರು 0.8 ಜೂಲ್. ಈಗ ವಾತಾವರಣವನ್ನು ತಳ್ಳಿದ ಕೆಲಸವನ್ನು ಲೆಕ್ಕ ಹಾಕಿ. 18 ಮಿಲಿಲೀಟರ್ ನೀರು ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಎರಡೂವರೆ ಭಾಗದಷ್ಟು ಹಿಗ್ಗುತ್ತದೆ. ಅದನ್ನು ಒಂದು ಅಟ್ಮಾಸ್ಫಿಯರ್‌ನಿಂದ ಗುಣಿಸಿದರೆ ಅರ್ಧ ಮಿಲಿಜೂಲ್ ಕೂಡ ಬರುವುದಿಲ್ಲವೆನ್ನಬಹುದು, 0.00047 ಜೂಲ್. 0.8 ಎಲ್ಲಿ, ಇದೆಲ್ಲಿ! ಸಾವಿರದ ಏಳುನೂರು ಪಟ್ಟು ಅಂತರ. ನೀರಿನ ವಿಷಯದಲ್ಲಿ ವಾತಾವರಣವನ್ನು ತಳ್ಳುವ ಮಾತು ಬರೀ ನೆಪ.

ಪೂರ್ತಿ ಲೆಕ್ಕ ಹೀಗಿದೆ:

```
Cp − Cv = [ P + (∂U/∂V)_T ] (∂V/∂T)_P
```

ಆವರಣದೊಳಗಿನ ಎರಡನೆಯ ಪದ ಹೇಳುವುದಿಷ್ಟು: ತಾಪ ಬದಲಾಗದೆ ಗಾತ್ರ ಹಿಗ್ಗಿದರೆ ಆಂತರಿಕ ಶಕ್ತಿ ಎಷ್ಟು ಏರುತ್ತದೆ? ಇದನ್ನು ಆಂತರಿಕ ಒತ್ತಡ ಎನ್ನುತ್ತಾರೆ. ಆದರ್ಶ ಅನಿಲದಲ್ಲಿ ಅಣುಗಳಿಗೆ ಒಂದನ್ನೊಂದು ಕಂಡರೆ ಆಗಬೇಕಾದ್ದೇನಿಲ್ಲ, ಆದ್ದರಿಂದ ಈ ಪದ ಸೊನ್ನೆ, ಉಳಿಯುವುದು P ಮಾತ್ರ. ಹೆಜ್ಜೆ 1ರಲ್ಲಿ ನಮಗೆ ಸಿಕ್ಕಿದ್ದು ಅದೇ. ನೀರಿನಲ್ಲಿ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದು ಹಿಡಿದಿವೆ. 25 ಡಿಗ್ರಿಯಲ್ಲಿ ಈ ಆಂತರಿಕ ಒತ್ತಡ ಸುಮಾರು 1700 ಅಟ್ಮಾಸ್ಫಿಯರ್. ಹೊರಗಿನ ಒಂದು ಅಟ್ಮಾಸ್ಫಿಯರ್ ಅದರ ಮುಂದೆ ಏನೂ ಅಲ್ಲ. Cp ಯ ಹೆಚ್ಚುವರಿ ಪಾಲು ಅಣುಗಳ ಪರಸ್ಪರ ಸೆಳೆತವನ್ನು ಮೀರಿ ಅವುಗಳನ್ನು ದೂರ ಸರಿಸಲು ಹೋಗುತ್ತದೆ, ಅಂದರೆ ΔU ಒಳಗೇ ಉಳಿಯುತ್ತದೆ. ದ್ರವಕ್ಕೆ ΔU = nCvΔT ಎಂಬ ಸಾಲನ್ನು ಯಾವ ದಾರಿಗೂ ಹಾಕುವಂತಿಲ್ಲ ಎಂಬುದಕ್ಕೂ ಇದೇ ಕಾರಣ. ತೆರೆದ ಪಾತ್ರೆಯ ನೀರಿನಲ್ಲಿ ΔU ಮತ್ತು ΔH ಹೆಚ್ಚುಕಡಿಮೆ ಒಂದೇ, ಎರಡೂ Cp ಯ ಬೆಲೆಗೇ ಅಂಟಿಕೊಂಡಿರುತ್ತವೆ.

ಈಗ ನಾಲ್ಕು ಡಿಗ್ರಿಗಿಂತ ಕೆಳಗೆ ಬನ್ನಿ. ಅಲ್ಲಿನ ನೀರಿನಲ್ಲಿ ಮಂಜುಗಡ್ಡೆಯ ಹಾಗೆ ಬಿಡುಬಿಡುವಾದ, ಹೈಡ್ರೋಜನ್ ಬಂಧಗಳ ರಚನೆ ಅಲ್ಲಲ್ಲಿ ಉಳಿದಿರುತ್ತದೆ. ಬಿಸಿಯಾದಾಗ ಆ ರಚನೆ ಕುಸಿದು ನೀರು ಕುಗ್ಗುತ್ತದೆ. ಆದರೆ ಕುಸಿಯಬೇಕಾದರೆ ಬಂಧಗಳು ಬಾಗಬೇಕು, ಮುರಿಯಬೇಕು, ಅದಕ್ಕೆ ಶಕ್ತಿ ಬೇಕು. ಅಂದರೆ ಅಲ್ಲಿ ಗಾತ್ರ ಕುಗ್ಗಿದರೆ ಆಂತರಿಕ ಶಕ್ತಿ ಏರುತ್ತದೆ, ಆಂತರಿಕ ಒತ್ತಡ ಋಣವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು −360 ಅಟ್ಮಾಸ್ಫಿಯರ್. ಗಾತ್ರದ ಬದಲಾವಣೆಯೂ ಋಣ, ಆವರಣವೂ ಋಣ, ಗುಣಲಬ್ಧ ಧನ. Cp ಆಗಲೂ 0.04 ಜೂಲ್‌ನಷ್ಟು ಮುಂದೆಯೇ ಇರುತ್ತದೆ. ವಾತಾವರಣ ಮಾಡಿಕೊಟ್ಟ ಕೆಲಸ ಇದೆ ನಿಜ, ಆದರೆ ಅದು ಈ ಲೆಕ್ಕದಲ್ಲಿ ಚಿಲ್ಲರೆ.

ಎರಡೂ ಚಿಹ್ನೆಗಳು ಒಟ್ಟಿಗೇ ತಿರುಗುವುದು ಹೇಗೆ ಎಂದರೆ, ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಅವೆರಡನ್ನೂ ಒಂದಕ್ಕೊಂದು ಕಟ್ಟಿಹಾಕಿದೆ. ಅದನ್ನು ಬಳಸಿದರೆ ಸೂತ್ರ ಹೀಗಾಗುತ್ತದೆ:

```
Cp − Cv = T V α² / κ
```

α ಎಂದರೆ ಒಂದು ಕೆಲ್ವಿನ್‌ಗೆ ಗಾತ್ರ ಹಿಗ್ಗುವ ಪ್ರಮಾಣ, κ ಎಂದರೆ ಒತ್ತಡಕ್ಕೆ ಸಿಲುಕಿ ಕುಗ್ಗುವ ಪ್ರಮಾಣ. α ಗೆ ವರ್ಗವಿದೆ, ಆದ್ದರಿಂದ ಅದು ಋಣವಾದರೂ ಉತ್ತರ ಋಣವಾಗದು. κ ಯಾವಾಗಲೂ ಧನ, ಒತ್ತಿದರೆ ಉಬ್ಬುವ ವಸ್ತು ಸ್ಥಿರವಾಗಿ ನಿಲ್ಲುವುದಿಲ್ಲ. ನೀರಿನ ಸಾಂದ್ರತೆ ಗರಿಷ್ಠವಾಗುವ 4 ಡಿಗ್ರಿಯ ಬಳಿ α ಸೊನ್ನೆ. ಆ ಒಂದು ಬಿಂದುವಿನಲ್ಲಿ Cp ಮತ್ತು Cv ಸಮ. "Cp ಯಾವಾಗಲೂ Cv ಗಿಂತ ಹೆಚ್ಚು" ಎನ್ನುವ ಬದಲು "ಎಂದೂ ಕಡಿಮೆಯಲ್ಲ" ಎಂದು ಬರೆಯುವುದು ಸರಿ. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇಷ್ಟೇ. ಸೂತ್ರವನ್ನು ಸಾಧಿಸುವ ದಾರಿ ಪ್ಲಸ್ ವನ್ ಪಾಠದಾಚೆಗಿದೆ, ಅದು ಪದವಿ ತರಗತಿಯ ಕೆಲಸ.

ಪ್ರಯೋಗಾಲಯದ ಕೋಷ್ಟಕಗಳಲ್ಲಿ ಘನವಸ್ತುಗಳಿಗೆ Cp ಮಾತ್ರ ಏಕೆ ಕೊಟ್ಟಿರುತ್ತಾರೆ ಎಂಬುದಕ್ಕೂ ಈ ಸೂತ್ರದಲ್ಲೇ ಉತ್ತರವಿದೆ. ತಾಮ್ರದ ತುಂಡೊಂದನ್ನು ಒಂದು ಕೆಲ್ವಿನ್ ಬಿಸಿ ಮಾಡುತ್ತಾ ಅದು ಚೂರೂ ಹಿಗ್ಗದಂತೆ ತಡೆಯಬೇಕಾದರೆ ಸುತ್ತಲಿನಿಂದ ಒತ್ತಬೇಕಾದ ಹೆಚ್ಚುವರಿ ಒತ್ತಡ α/κ, ಸುಮಾರು 70 ಅಟ್ಮಾಸ್ಫಿಯರ್. ಹತ್ತು ಕೆಲ್ವಿನ್‌ಗೆ 700. ಅಂಥ ಪಾತ್ರೆಯನ್ನು ಕಟ್ಟಿದರೂ ಮೊದಲು ಪಾತ್ರೆಯೇ ಹಿಗ್ಗುತ್ತದೆ. ಹಾಗಾಗಿ ತಾಮ್ರದ Cp ಯನ್ನು ತೆರೆದ ಗಾಳಿಯಲ್ಲಿ ಅಳೆಯುತ್ತಾರೆ, ಮೋಲ್‌ಗೆ 24.4 ಜೂಲ್. ಅದರಿಂದ TVα²/κ ಯ ಸುಮಾರು 0.7 ಅನ್ನು ಕಳೆದು, ಉಳಿದದ್ದನ್ನು Cv ಎಂದು ಬರೆದುಕೊಳ್ಳುತ್ತಾರೆ.